ಸಾಮಾನು ಕಡಿಮೆ ಇರುವವರಿಗೆ ಸಾಮಾನು ಕಳೆಯುವ ಪುಸ್ತಕಗಳು

ಮನೆಯಲ್ಲಿ ತುಂಬಿಕೊಂಡ ಸಾಮಾನನ್ನು ಕಡಿಮೆ ಮಾಡುವ ಬಗೆಯನ್ನು ಹೇಳಿಕೊಡುವ ಪುಸ್ತಕಗಳು ಕಳೆದ ಒಂದೂವರೆ ದಶಕದಲ್ಲಿ ಪುಸ್ತಕದಂಗಡಿಗಳಲ್ಲಿ ತಮ್ಮದೇ ಒಂದು ಸಾಲನ್ನು ಗಿಟ್ಟಿಸಿಕೊಂಡಿವೆ. ಇವುಗಳಲ್ಲಿ ಒಂದು ಬಗೆಯವು ಮಿನಿಮಲಿಸಂ ಅನ್ನು, ಅಂದರೆ ಬದುಕಿಗೆ ಬೇಕಾದಷ್ಟೇ ವಸ್ತುಗಳನ್ನು ಇಟ್ಟುಕೊಂಡು ಉಳಿದವುಗಳ ಗೊಡವೆಯನ್ನೇ ಬಿಡುವ ಜೀವನಕ್ರಮವನ್ನು ಬೋಧಿಸುತ್ತವೆ. ಇನ್ನೊಂದು ಬಗೆಯವು ಡಿಕ್ಲಟರಿಂಗ್ ಅನ್ನು, ಅಂದರೆ ಈಗಾಗಲೇ ಸೇರಿಹೋಗಿರುವ ಬೇಡದ ಸಾಮಾನನ್ನು ಆರಿಸಿ ಹೊರಹಾಕುವ ಕೆಲಸವನ್ನು ಹಂತಹಂತವಾಗಿ ವಿವರಿಸುತ್ತವೆ. ಎರಡೂ ಬಗೆಯ ಪುಸ್ತಕಗಳು ತಮ್ಮ ಓದುಗರ ಮನೆ ತುಂಬಿದೆ ಎಂದು ಮೊದಲೇ ನಂಬಿಕೊಂಡು ಮಾತು ಆರಂಭಿಸುತ್ತವೆ. ಎರಡು ಸೂಟ್‌ಕೇಸ್, ಒಂದು ಹಾಸಿಗೆ ಸುರುಳಿ ಮತ್ತು ಒಂದೆರಡು ರಟ್ಟಿನ ಪೆಟ್ಟಿಗೆಗಳೊಂದಿಗೆ ಸಣ್ಣ ಬಾಡಿಗೆ ಮನೆಗೆ ಕಾಲಿಡುವವರ ಸ್ಥಿತಿ ಇದಕ್ಕೆ ಪೂರ್ತಿ ವಿರುದ್ಧವಾದುದು. ಅವರ ಮುಂದಿರುವ ಪ್ರಶ್ನೆ ಏನನ್ನು ಎಸೆಯಬೇಕು ಎಂಬುದಲ್ಲ, ಏನನ್ನು ಒಳಗೆ ಬಿಟ್ಟುಕೊಳ್ಳಬೇಕು ಎಂಬುದು. ಆದುದರಿಂದ ಅವರು ಈ ಪುಸ್ತಕಗಳನ್ನು ಮೊದಲ ಪುಟದಿಂದ ಓದಿ ಪಾಲಿಸಹೊರಟರೆ ಉಪಯೋಗಕ್ಕಿಂತ ತೊಂದರೆಯೇ ಹೆಚ್ಚಾಗಬಹುದು. ಬೇಕಾದ ಭಾಗಗಳನ್ನು ಆರಿಸಿಕೊಂಡರೆ ಮಾತ್ರ ಅವು ಕೆಲಸಕ್ಕೆ ಬರುತ್ತವೆ.

ಈ ಸಾಲಿನ ಅತಿ ಪ್ರಸಿದ್ಧ ಪುಸ್ತಕ ಜಪಾನಿನ ಮರಿಯೆ ಕೊಂಡೊ ಅವರದು. 2010ರ ಕೊನೆಯಲ್ಲಿ ಜಪಾನಿ ಭಾಷೆಯಲ್ಲಿ ಪ್ರಕಟವಾಗಿ 2014ರಲ್ಲಿ ಇಂಗ್ಲಿಷಿಗೆ ಬಂದ ಆ ಪುಸ್ತಕದ ವಿಧಾನ ಸರಳವಾದುದು: ಕೋಣೆಯಿಂದ ಕೋಣೆಗೆ ಹೋಗದೆ ವರ್ಗದಿಂದ ವರ್ಗಕ್ಕೆ ಹೋಗಬೇಕು, ಮೊದಲು ಬಟ್ಟೆ, ಆಮೇಲೆ ಪುಸ್ತಕ, ಕಾಗದಪತ್ರ, ಚಿಲ್ಲರೆ ವಸ್ತುಗಳು, ಕಟ್ಟಕಡೆಗೆ ನೆನಪಿನ ವಸ್ತುಗಳು ಎಂಬ ಕ್ರಮವನ್ನು ಪಾಲಿಸಬೇಕು, ಒಂದು ವರ್ಗದ ಎಲ್ಲವನ್ನೂ ನೆಲದ ಮೇಲೆ ರಾಶಿ ಹಾಕಿ ಒಂದೊಂದನ್ನೇ ಕೈಗೆತ್ತಿಕೊಂಡು ಅದು ಮನಸ್ಸಿಗೆ ಸಂತೋಷ ಕೊಡುತ್ತದೆಯೇ ಎಂದು ಕೇಳಿಕೊಳ್ಳಬೇಕು, ಕೊಡದಿದ್ದರೆ ಅದಕ್ಕೆ ಕೃತಜ್ಞತೆ ಹೇಳಿ ಬೀಳ್ಕೊಡಬೇಕು. ಹತ್ತಾರು ಅಂಗಿಗಳ ರಾಶಿಯ ಮುಂದೆ ಕುಳಿತವರಿಗೆ ಈ ಪ್ರಶ್ನೆ ಚುರುಕಾಗಿ ಕೆಲಸ ಮಾಡುತ್ತದೆ, ಏಕೆಂದರೆ ಒಂದನ್ನು ಬಿಟ್ಟರೆ ಅದರ ಜಾಗದಲ್ಲಿ ನಿಲ್ಲಲು ಇನ್ನೊಂಬತ್ತು ಇರುತ್ತವೆ. ಇರುವುದೇ ಒಂದು ಬಾಣಲೆ, ಒಂದು ಕುಕ್ಕರು ಎಂಬಲ್ಲಿ ಆ ಪ್ರಶ್ನೆಗೆ ಅರ್ಥವಿಲ್ಲ. ಹಿಡಿ ಸಡಿಲವಾದ ಬಾಣಲೆ ಯಾರಿಗೂ ಸಂತೋಷ ಕೊಡುವುದಿಲ್ಲ, ಆದರೂ ಸಂಜೆಯ ಪಲ್ಯ ಅದರಲ್ಲೇ ಆಗಬೇಕು.

ಸಂತೋಷದ ಪರೀಕ್ಷೆಯ ಹಿಂದೆ ಹೇಳದೆ ಉಳಿದ ಒಂದು ಭಾವನೆಯಿದೆ. ಬಿಟ್ಟ ವಸ್ತು ಮುಂದೆ ಬೇಕಾದರೆ ಮತ್ತೆ ಕೊಂಡರಾಯಿತು ಎಂಬ ಧೈರ್ಯವೇ ಅದು. ಆ ಧೈರ್ಯ ಕೈಯಲ್ಲಿ ಕಾಸು ಇರುವವರದು. ಹೊಸ ಊರಿಗೆ ಬಂದವರು ಮನೆಯ ಅಡ್ವಾನ್ಸು, ಮೊದಲ ತಿಂಗಳ ಬಾಡಿಗೆ ಮತ್ತು ಸಾಗಣೆಯ ಖರ್ಚನ್ನು ಒಟ್ಟಿಗೆ ಹೊತ್ತಿರುವ ಸಮಯದಲ್ಲಿ ಇರುವ ಸಾಮಾನನ್ನು ಬಿಡುವುದು ಜಾಣತನವಲ್ಲ. ಆದುದರಿಂದ ಸಾಮಾನು ಕಡಿಮೆ ಇರುವವರು ಕೊಂಡೊ ಪುಸ್ತಕದ ಮೊದಲರ್ಧವನ್ನು ಬದಿಗಿಟ್ಟು ಜೋಡಣೆಯ ಭಾಗಕ್ಕೆ ನೇರವಾಗಿ ಹೋಗಬಹುದು. ಅಲ್ಲಿ ಅವರಿಗೆ ಬೇಕಾದ ಕೆಲವು ಮಾತುಗಳು ನಿಜವಾಗಿಯೂ ಇವೆ. ಆದರೆ ಜೋಡಣೆಗೆ ಕೈಹಾಕುವ ಮೊದಲು ಮನೆಯನ್ನೇ ಅಳೆಯುವ ಕೆಲಸವೊಂದಿದೆ, ಅದನ್ನು ಕಲಿಸುವ ಪುಸ್ತಕ ಬೇರೆ.

ಅಮೆರಿಕದ ಟೆಕ್ಸಸ್ ರಾಜ್ಯದ ಡಾನಾ ಕೆ. ವೈಟ್ 2018ರಲ್ಲಿ ಹೊರತಂದ ಡಿಕ್ಲಟರಿಂಗ್ ಪುಸ್ತಕದ ತಿರುಳು ಒಂದೇ ವಿಚಾರದಲ್ಲಿದೆ: ಡಬ್ಬಿ, ಕಪಾಟು, ಕೋಣೆ, ಕೊನೆಗೆ ಮನೆಯೂ ಒಂದು ಪಾತ್ರೆ, ಪಾತ್ರೆಯ ಕೆಲಸ ವಸ್ತುಗಳನ್ನು ಹಿಡಿದಿಡುವುದಷ್ಟೇ ಅಲ್ಲ, ಅವುಗಳಿಗೆ ಮಿತಿ ಹಾಕುವುದೂ ಹೌದು. ಒಂದು ತಟ್ಟು ತುಂಬಿತೆಂದರೆ ಇನ್ನೊಂದು ತಟ್ಟನ್ನು ಹುಡುಕಬಾರದು, ಆ ತಟ್ಟಿನಲ್ಲಿ ಇರಲು ಯೋಗ್ಯವಾದವುಗಳನ್ನು ಮೊದಲು ಇಟ್ಟು ಹಿಡಿಸದೆ ಉಳಿದವನ್ನು ಬಿಡಬೇಕು ಎನ್ನುವುದು ಅವರ ನಿಯಮ. ಇಲ್ಲಿ ವಸ್ತುವಿನ ಮೇಲೆ ತೀರ್ಪು ಕೊಡುವ ಹೊಣೆ ಮನಸ್ಸಿನಿಂದ ಇಳಿದು ಜಾಗಕ್ಕೆ ಹೋಗುತ್ತದೆ. ಈ ನಿಯಮ ಖಾಲಿ ಮನೆಗೆ ಬರುವವರಿಗೆ ತುಂಬಿದ ಮನೆಯವರಿಗಿಂತಲೂ ಚೆನ್ನಾಗಿ ಒದಗುತ್ತದೆ, ಏಕೆಂದರೆ ಅವರು ಯಾವುದನ್ನೂ ಕಳೆಯದೆಯೇ, ಸಾಮಾನು ಬರುವ ಮೊದಲೇ, ಮಿತಿಯನ್ನು ಗೊತ್ತುಮಾಡಿಕೊಳ್ಳಬಹುದು.

ಒಂದು ಕಲ್ಪಿತ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಹಾಸನದಿಂದ ಕೆಲಸಕ್ಕಾಗಿ ಬೆಂಗಳೂರಿಗೆ ಬಂದ ಯುವತಿಯೊಬ್ಬರು ತಿಂಗಳಿಗೆ 12,000 ರೂಪಾಯಿ ಬಾಡಿಗೆಗೆ 300 ಚದರಡಿಯ ಮನೆಯನ್ನು ಹಿಡಿದಿದ್ದಾರೆ ಎಂದಿಟ್ಟುಕೊಳ್ಳೋಣ. ಒಂದು ಕೋಣೆ, ಒಂದು ಅಡುಗೆಮನೆ, ಒಂದು ಬಚ್ಚಲು. ಕೋಣೆಯ ಗೋಡೆಯಲ್ಲಿ ಮೂರು ತಟ್ಟಿನ ಬಾಗಿಲಿಲ್ಲದ ಕಪಾಟು, ಅದರ ಮೇಲೆ ಸೂರಿನ ಕೆಳಗೆ ಒಂದು ಸಜ್ಜ, ಅಡುಗೆಮನೆಯಲ್ಲಿ ಕಟ್ಟೆ ಮತ್ತು ಕಟ್ಟೆಯ ಕೆಳಗೆ ಎರಡು ಖಾನೆ, ಬಾಗಿಲ ಹಿಂದೆ ಹಿಂದಿನ ಬಾಡಿಗೆದಾರರು ಹೊಡೆದ ನಾಲ್ಕು ಮೊಳೆ: ಆ ಮನೆ ಕೊಡುವ ಪಾತ್ರೆಗಳು ಇವಿಷ್ಟೇ. ಗೋಡೆ ಕೊರೆಯಲು ಮನೆಯ ಮಾಲೀಕರು ಸಾಮಾನ್ಯವಾಗಿ ಒಪ್ಪುವುದಿಲ್ಲವಾದುದರಿಂದ ಪಾಶ್ಚಾತ್ಯ ಪುಸ್ತಕಗಳು ಧಾರಾಳವಾಗಿ ಸೂಚಿಸುವ ಗೋಡೆ ತಟ್ಟುಗಳ ದಾರಿ ಇಲ್ಲಿ ಮುಚ್ಚಿಹೋಗಿದೆ. ಹೀಗೆ ಪಟ್ಟಿ ಮಾಡಿಕೊಂಡ ಮೇಲೆ ಕಪಾಟಿನ ಒಂದು ತಟ್ಟು ಬಟ್ಟೆಗೆ, ಒಂದು ಪುಸ್ತಕ ಮತ್ತು ಕಾಗದಪತ್ರಕ್ಕೆ, ಒಂದು ಔಷಧಿ, ಚಾರ್ಜರು, ಹೊಲಿಗೆ ಸಾಮಾನಿನಂಥ ಚಿಲ್ಲರೆಗೆ ಎಂದು ಹಂಚಿದರೆ, ಬಾಡಿಗೆ ಕರಾರಿನ ಹನ್ನೊಂದು ತಿಂಗಳಲ್ಲಿ ಕೊಳ್ಳುವ ಪ್ರತಿಯೊಂದು ವಸ್ತುವಿಗೂ ಕೇಳಬೇಕಾದ ಪ್ರಶ್ನೆ ಸಿದ್ಧವಾದಂತೆ: ಇದು ಯಾವ ತಟ್ಟಿಗೆ ಸೇರಿದ್ದು, ಅಲ್ಲಿ ಇದಕ್ಕೆ ಜಾಗವಿದೆಯೇ?

ಯಾವ ವಸ್ತು ಎಲ್ಲಿರಬೇಕು ಎಂಬುದನ್ನು ನಿರ್ಧರಿಸಲು ವೈಟ್ ಇನ್ನೊಂದು ಉಪಾಯ ಹೇಳುತ್ತಾರೆ. ವಸ್ತುವನ್ನು ಎಲ್ಲಿಟ್ಟರೆ ಚಂದ ಎಂದು ಯೋಚಿಸಬಾರದು; ಅದು ಬೇಕಾದಾಗ ಕೈ ಮೊದಲು ಎಲ್ಲಿಗೆ ಹೋಗುತ್ತದೆ ಎಂದು ಕೇಳಿಕೊಂಡು ಆ ಉತ್ತರ ಬಂದ ಜಾಗಕ್ಕೆ ಆಗಲೇ ಅದನ್ನು ಒಯ್ದು ಇಡಬೇಕು. ಕತ್ತರಿ ಚಿಲ್ಲರೆ ತಟ್ಟಿನಲ್ಲಿರಬೇಕು ಎಂದು ಲೆಕ್ಕ ಹೇಳಿದರೂ ಹಾಲಿನ ಪ್ಯಾಕೆಟ್ಟು ಕತ್ತರಿಸಲು ಅದು ದಿನವೂ ಅಡುಗೆಮನೆಗೆ ಬಂದು ಅಲ್ಲೇ ಉಳಿಯುತ್ತಿದ್ದರೆ ಅದರ ಜಾಗ ಅಡುಗೆಮನೆಯೇ. ಹೊಸ ಮನೆಯಲ್ಲಿ ಮೊದಲ ವಾರ ಇಟ್ಟ ಜಾಗಗಳಲ್ಲಿ ಕೆಲವು ತಪ್ಪಾಗಿರುತ್ತವೆ ಎಂಬುದು ಸಹಜ. ತಪ್ಪಿದ್ದನ್ನು ಗುರುತಿಸುವುದು ಹೇಗೆಂದರೆ, ದಿನದ ಕೊನೆಗೆ ನೆಲದ ಮೇಲೆ, ಕುರ್ಚಿಯ ಬೆನ್ನಿನ ಮೇಲೆ, ಅಡುಗೆ ಕಟ್ಟೆಯ ಮೂಲೆಯಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ವಸ್ತುವಿಗೆ ಗೊತ್ತುಮಾಡಿದ ಜಾಗ ಸರಿಯಿಲ್ಲ ಎಂದು ತಿಳಿಯಬೇಕು. ಆಗ ಮನುಷ್ಯರನ್ನು ತಿದ್ದಹೊರಡುವುದಕ್ಕಿಂತ ಜಾಗವನ್ನು ಬದಲಿಸುವುದು ಸುಲಭ.

ಜಾಗ ಗೊತ್ತಾದ ಮೇಲೆ ಕೊಂಡೊ ಪುಸ್ತಕದ ಎರಡನೆಯ ಅರ್ಧ ಪ್ರಯೋಜನಕ್ಕೆ ಬರುತ್ತದೆ. ಸಾಮಾನು ಇಡುವ ಪೆಟ್ಟಿಗೆ, ಬುಟ್ಟಿ, ರ‍್ಯಾಕುಗಳನ್ನು ಮೊದಲೇ ಕೊಂಡು ತರುವವರ ಮನೆಯಲ್ಲಿ ಸಾಮಾನು ಕಡಿಮೆಯಾಗುವುದಿಲ್ಲ, ಕಣ್ಣಿಗೆ ಮರೆಯಾಗುತ್ತದೆ ಅಷ್ಟೇ ಎಂಬುದು ಅವರ ಖಚಿತ ಅಭಿಪ್ರಾಯ. ಬೇಕಿದ್ದರೆ ಚಪ್ಪಲಿ, ಬೂಟಿನ ರಟ್ಟಿನ ಪೆಟ್ಟಿಗೆಗಳೇ ಸಾಕು ಎನ್ನುತ್ತಾರೆ. ಗೋಡೆಯೊಳಗಿನ ಕಪಾಟು ಇರುವ ಮನೆಗಳಲ್ಲಿ ಈ ಸಲಹೆಯ ಬೆಲೆ ತಿಳಿಯುತ್ತದೆ. ಅಂಥ ಕಪಾಟು ಸಾಮಾನ್ಯವಾಗಿ ಒಂದೂವರೆ ಅಡಿಯಷ್ಟು ಆಳವಾಗಿರುತ್ತದೆ. ಬಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಕೆಳಗಿನದನ್ನು ಎಳೆದಾಗ ಇಡೀ ರಾಶಿ ಜಾರುತ್ತದೆ, ಎರಡು ಸಾಲು ಮಾಡಿದರೆ ಹಿಂದಿನ ಸಾಲು ಕಣ್ಣಿಗೇ ಬೀಳುವುದಿಲ್ಲ. ಬೂಟಿನ ಪೆಟ್ಟಿಗೆಯನ್ನು ಉದ್ದುದ್ದಕ್ಕೆ ಒಳಗೆ ತಳ್ಳಿದರೆ ಅದು ಡ್ರಾಯರಿನಂತೆ ಮುಂದಕ್ಕೆ ಎಳೆಯಲು ಬರುತ್ತದೆ, ಹಿಂದಿನ ಜಾಗವೂ ಬಳಕೆಗೆ ಸಿಗುತ್ತದೆ.

ಆ ಪೆಟ್ಟಿಗೆಯೊಳಗೆ ಬಟ್ಟೆಗಳನ್ನು ಮಲಗಿಸದೆ ನಿಲ್ಲಿಸಬೇಕೆಂಬುದು ಕೊಂಡೊ ವಿಧಾನದ ಇನ್ನೊಂದು ಅಂಶ. ಅಂಗಿಯ ಎರಡೂ ಬದಿಗಳನ್ನು ತೋಳುಸಮೇತ ನಡುವಿಗೆ ಮಡಚಿ ಉದ್ದನೆಯ ಪಟ್ಟಿಯಂತೆ ಮಾಡಿ, ಅದನ್ನು ಕತ್ತಿನಿಂದ ಅಂಚಿನ ಕಡೆಗೆ ಅರ್ಧಕ್ಕೆ ಮಡಚಿ, ಆ ಅರ್ಧವನ್ನು ಮತ್ತೆ ಎರಡೋ ಮೂರೋ ಮಡಿಕೆ ಮಾಡಿದರೆ ಅಂಗೈಯಗಲದ ಗಟ್ಟಿ ಮಡಿಕೆಯೊಂದು ಬರುತ್ತದೆ. ಅದನ್ನು ನೆಲದ ಮೇಲೆ ಕೈಬಿಟ್ಟು ನಿಲ್ಲಿಸಿದಾಗ ತಾನಾಗಿ ನಿಂತರೆ ಮಡಿಕೆ ಸರಿಯಾಗಿದೆ. ಬಾಗಿ ಬಿದ್ದರೆ ಪಟ್ಟಿ ತುಂಬ ಅಗಲವಾಗಿದೆ ಅಥವಾ ಮಡಿಕೆ ಸಡಿಲವಾಗಿದೆ ಎಂದರ್ಥ. ಹೀಗೆ ನಿಲ್ಲಿಸಿದ ಬಟ್ಟೆಗಳ ಅಂಚುಗಳೆಲ್ಲ ಒಂದೇ ನೋಟಕ್ಕೆ ಕಾಣುವುದರಿಂದ ಇರುವ ಬಟ್ಟೆಯೇ ಮರೆತುಹೋಗಿ ಅಂಥದೇ ಇನ್ನೊಂದನ್ನು ಕೊಳ್ಳುವುದು ತಪ್ಪುತ್ತದೆ. ಹತ್ತಿಯ ಅಂಗಿ, ಟೀಶರ್ಟು, ಪೈಜಾಮಗಳಿಗೆ ಈ ಕ್ರಮ ಹೊಂದುತ್ತದೆ. ಜರಿಯಂಚಿನ ರೇಷ್ಮೆ ಸೀರೆಗೆ ಹೊಂದುವುದಿಲ್ಲ, ಬಿಗಿಯಾದ ಮಡಿಕೆಯಲ್ಲಿ ಜರಿ ಮುರಿಯುವುದರಿಂದ ಅದನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ ಅಗಲವಾಗಿ ಮಲಗಿಸಿ ಆಗಾಗ ಮಡಿಕೆ ಬದಲಿಸುವ ಮನೆಯ ಹಿರಿಯರ ಕ್ರಮವೇ ಸರಿ.

ಕೊಂಡೊ ಪುಸ್ತಕವನ್ನು ಇಲ್ಲಿನ ಬಾಡಿಗೆದಾರರು ಕಣ್ಣುಮುಚ್ಚಿ ಅನುಸರಿಸಬಾರದ ಜಾಗ ಕಾಗದಪತ್ರಗಳದು. ಕಾಗದವನ್ನೆಲ್ಲ ಎಸೆಯುವುದೇ ಮೂಲನಿಯಮ ಎಂದು ಹೇಳಿ, ಈಗ ಬಳಕೆಯಲ್ಲಿರುವುದು, ಕೆಲವು ಕಾಲ ಬೇಕಾದುದು, ಎಂದೆಂದಿಗೂ ಇರಬೇಕಾದುದು ಎಂಬ ಮೂರನ್ನು ಮಾತ್ರ ಅವರು ಅಪವಾದವಾಗಿ ಬಿಡುತ್ತಾರೆ. ಭಾರತದಲ್ಲಿ ಆ ಅಪವಾದದ ಪಟ್ಟಿಯೇ ಉದ್ದವಾಗಿರುತ್ತದೆ: ಬಾಡಿಗೆ ಕರಾರು, ಅಡ್ವಾನ್ಸು ಕೊಟ್ಟದ್ದಕ್ಕೆ ರಸೀದಿ ಅಥವಾ ಬ್ಯಾಂಕಿನ ದಾಖಲೆ, ಅಂಕಪಟ್ಟಿಗಳು, ಅಡುಗೆ ಅನಿಲದ ಸಂಪರ್ಕ ಪಡೆದಾಗ ಕೊಟ್ಟ ವೋಚರು ಇವೆಲ್ಲ ಮನೆ ಬಿಡುವ ದಿನದವರೆಗೆ, ಕೆಲವು ಅದರಾಚೆಗೂ ಬೇಕು. ಅನಿಲದ ವೋಚರು ಕಳೆದರೆ ಊರು ಬಿಡುವಾಗ ಸಂಪರ್ಕ ಹಿಂದಿರುಗಿಸಿ ಠೇವಣಿ ವಾಪಸು ಪಡೆಯಲು ಸುತ್ತಾಡಬೇಕಾಗುತ್ತದೆ. ಇವನ್ನೆಲ್ಲ ಒಂದೇ ಫೈಲಿನಲ್ಲಿ ಹಾಕಿ ಆ ಫೈಲನ್ನು ಕಪಾಟಿನ ಎರಡನೆಯ ತಟ್ಟಿನಲ್ಲಿ ಪುಸ್ತಕದಂತೆ ನಿಲ್ಲಿಸಿದರೆ ಸಾಕು. ಇಲ್ಲಿ ಕಡಿಮೆ ಮಾಡಬೇಕಾದುದು ಇಡುವ ಜಾಗಗಳನ್ನೇ ಹೊರತು ಕಾಗದಗಳನ್ನಲ್ಲ.

ಒಳಗಿರುವುದರ ಜೋಡಣೆ ಇಷ್ಟಾದರೆ, ಹೊರಗಿನಿಂದ ಬರುವುದನ್ನು ತಡೆಯುವ ವಿಷಯದಲ್ಲಿ ಹೆಚ್ಚು ಹೇಳುವುದು ಹಿಡೆಕೊ ಯಮಾಶಿತ ಅವರ ವಿಚಾರ. ಅವರು 2009ರಲ್ಲಿ ಜಪಾನಿನಲ್ಲಿ ಪ್ರಕಟಿಸಿದ ಪುಸ್ತಕ 'ದನ್‌ಶಾರಿ' ಎಂಬ ಹೆಸರನ್ನು ಮನೆಮಾತಾಗಿಸಿತು. ಯೋಗಸಾಧನೆಯಿಂದ ಎತ್ತಿಕೊಂಡ ಮೂರು ಹಂತಗಳು ಅದರಲ್ಲಿವೆ: ಬರುವ ಬೇಡದ ವಸ್ತುವನ್ನು ನಿರಾಕರಿಸುವುದು, ಇರುವ ಬೇಡದ ವಸ್ತುವನ್ನು ಬಿಡುವುದು, ವಸ್ತುಗಳ ಮೇಲಿನ ಅಂಟಿನಿಂದ ದೂರವಾಗುವುದು. ತುಂಬಿದ ಮನೆಯವರಿಗೆ ಎರಡನೆಯ ಹಂತ ಮುಖ್ಯವಾದರೆ, ಹೊಸದಾಗಿ ಮನೆ ಹೂಡುವವರಿಗೆ ಮೊದಲನೆಯದೇ ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಅವರ ಮನೆಯನ್ನು ತುಂಬುವ ಸಾಮಾನಿನಲ್ಲಿ ಒಂದು ದೊಡ್ಡ ಪಾಲು ಅವರು ಕೊಂಡದ್ದಾಗಿರುವುದಿಲ್ಲ. ಊರ ಮನೆಯ ಅಟ್ಟದಲ್ಲಿದ್ದ ಹಿತ್ತಾಳೆ ಪಾತ್ರೆ, ಅಕ್ಕನ ಮನೆಯ ಹಳೆಯ ಮಿಕ್ಸಿ, ಹಾಲುಕ್ಕಿಸುವ ದಿನ ಬಂದವರು ಕೊಟ್ಟ ಸ್ಟೀಲು ತಟ್ಟೆಗಳ ಸೆಟ್ಟು, ಮನೆಯ ಮಾಲೀಕರು ಸಜ್ಜದ ಮೇಲೆ 'ಇರಲಿ' ಎಂದು ಬಿಟ್ಟುಹೋದ ಮುರಿದ ಕುರ್ಚಿ ಇವು ಒಂದೊಂದಾಗಿ ಬಂದು ಸೇರುತ್ತವೆ. ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಎನ್ನುವುದು ಇಲ್ಲಿನ ಸಂಬಂಧಗಳಲ್ಲಿ ಕಷ್ಟವಾದುದರಿಂದ ನಿರಾಕರಣೆಯನ್ನು ಮುಂಚಿತವಾಗಿಯೇ ಮಾಡುವುದು ಲೇಸು: 'ಅತ್ತೆ, ಪಾತ್ರೆ ಇಡಲು ಜಾಗವಿಲ್ಲ, ಚಟ್ನಿಪುಡಿ, ಹಪ್ಪಳ ಕೊಡಿ' ಎಂದು ಕೇಳಿ ಪಡೆದರೆ ಕೊಡುವವರಿಗೂ ಸಮಾಧಾನ, ತಿಂದು ಮುಗಿಯುವ ವಸ್ತುವಾದುದರಿಂದ ಮನೆಗೂ ಭಾರವಿಲ್ಲ. ಮಾಲೀಕರ ಸಾಮಾನಿನ ಮಾತನ್ನು ಕೀಲಿಕೈ ಪಡೆಯುವ ಮೊದಲೇ ಆಡಿ ಮುಗಿಸಬೇಕು. ವಾಸಕ್ಕೆ ಬಂದ ಮೇಲೆ ಅದು ಅಲ್ಲಿಂದ ಅಲುಗುವುದು ಅಪರೂಪ.

ಯಮಾಶಿತ ಜಾಗದ ಪ್ರಮಾಣಕ್ಕೂ ಒಂದು ಲೆಕ್ಕ ಕೊಡುತ್ತಾರೆ. ಬಾಗಿಲು ಮುಚ್ಚಿದ ಕಪಾಟಿನಲ್ಲಿ ಶೇ. 70, ಗಾಜಿನ ಬಾಗಿಲಿನಂತೆ ಒಳಗಿನದು ಕಾಣುವ ಕಪಾಟಿನಲ್ಲಿ ಶೇ. 50, ತೆರೆದು ತೋರಿಸುವ ಜಾಗದಲ್ಲಿ ಶೇ. 10ರಷ್ಟು ಮಾತ್ರ ಸಾಮಾನಿರಬೇಕು ಎಂಬುದು ಆ ನಿಯಮ. ಮುಚ್ಚಿದ ಕಪಾಟಿನಲ್ಲಿ ಬಿಡುವ ಮೂವತ್ತು ಪಾಲು ವ್ಯರ್ಥ ಜಾಗವಲ್ಲ, ಅದು ಒಳಗಿನ ವಸ್ತುಗಳು ಹೊರಬರಲು ಬೇಕಾದ ದಾರಿ. ಸಜ್ಜವನ್ನು ಅಂಚಿನವರೆಗೆ ತುಂಬಿದವರು ಹಿಂದಿನ ಪೆಟ್ಟಿಗೆಗಾಗಿ ಮುಂದಿನ ನಾಲ್ಕನ್ನು ಏಣಿಯ ಮೇಲೆ ನಿಂತು ಇಳಿಸಬೇಕಾಗುತ್ತದೆ, ಆ ಕಷ್ಟಕ್ಕೆ ಹೆದರಿ ಹಿಂದಿನದನ್ನು ಇಳಿಸುವುದನ್ನೇ ಬಿಡುತ್ತಾರೆ. ಆದರೆ ಬಾಗಿಲಿಲ್ಲದ ಕಪಾಟುಗಳೇ ಇರುವ ಬಾಡಿಗೆ ಮನೆಯಲ್ಲಿ ಶೇ. 10ರ ನಿಯಮವನ್ನು ಪಾಲಿಸಲು ಸಾಧ್ಯವಿಲ್ಲ. ಅಲ್ಲಿ ಹಳೆಯ ಹತ್ತಿ ಸೀರೆಯ ತುಂಡನ್ನು ದಾರಕ್ಕೆ ಪೋಣಿಸಿ ಕಪಾಟಿನ ಮುಂದೆ ಪರದೆಯಾಗಿ ಇಳಿಬಿಟ್ಟರೆ ಧೂಳೂ ತಪ್ಪುತ್ತದೆ, ತೆರೆದ ಕಪಾಟು ಮುಚ್ಚಿದ ಕಪಾಟಿನ ಲೆಕ್ಕಕ್ಕೂ ಬರುತ್ತದೆ.

ಕೊಳ್ಳುವ ವಸ್ತುಗಳ ವಿಷಯದಲ್ಲಿ ಅಮೆರಿಕದ ಒಂದು ಪ್ರಯೋಗವನ್ನು ತಿರುಗಿಸಿ ನೋಡುವುದು ಉಪಯೋಗಕ್ಕೆ ಬರುತ್ತದೆ. 'ದಿ ಮಿನಿಮಲಿಸ್ಟ್ಸ್' ಎಂಬ ಹೆಸರಿನಲ್ಲಿ ಬರೆಯುವ ಜೋಶುವ ಫೀಲ್ಡ್ಸ್ ಮಿಲ್ಬರ್ನ್ ಮತ್ತು ರಯನ್ ನಿಕೊಡೆಮಸ್ ಜೋಡಿಯಲ್ಲಿ ನಿಕೊಡೆಮಸ್ ತಮ್ಮ ಮನೆಯ ಸಾಮಾನನ್ನೆಲ್ಲ ಮನೆ ಬದಲಿಸುವವರಂತೆ ಪೆಟ್ಟಿಗೆಗಳಿಗೆ ತುಂಬಿ, ಬೇಕಾದಾಗ ಬೇಕಾದುದನ್ನಷ್ಟೇ ಹೊರತೆಗೆಯುತ್ತ ಹೋದರು. 21 ದಿನಗಳ ಕೊನೆಗೆ ಸುಮಾರು ಶೇ. 80ರಷ್ಟು ಸಾಮಾನು ಪೆಟ್ಟಿಗೆಯಲ್ಲೇ ಉಳಿದಿತ್ತು ಎಂದು ಅವರು ಹೇಳಿಕೊಂಡಿದ್ದಾರೆ. ನಿಜವಾಗಿಯೇ ಮನೆ ಬದಲಿಸುತ್ತಿರುವವರಿಗೆ ಪೆಟ್ಟಿಗೆ ತುಂಬುವ ಶ್ರಮವಿಲ್ಲದೆ ಈ ಪ್ರಯೋಗ ಸಿದ್ಧವಾಗಿಯೇ ಸಿಗುತ್ತದೆ. ಆದರೆ ಅದರ ತೀರ್ಪನ್ನು ಹಾಗೆಯೇ ನಂಬಬಾರದು. ಮೂರು ವಾರದ ಅವಧಿ ದಿನಬಳಕೆಯ ವಸ್ತುಗಳನ್ನು ಅಳೆಯುತ್ತದೆಯೇ ಹೊರತು ಮಳೆಗಾಲದಲ್ಲಿ ಮಾತ್ರ ಬೇಕಾಗುವ ಕೊಡೆ, ಡಿಸೆಂಬರಿನ ಸ್ವೆಟರು, ದೀಪಾವಳಿಯ ಹಣತೆ, ಜ್ವರ ಬಂದ ರಾತ್ರಿಯ ಥರ್ಮಾಮೀಟರುಗಳನ್ನು ಅಳೆಯುವುದಿಲ್ಲ. ಮಾರ್ಚಿನಲ್ಲಿ ಮನೆಗೆ ಬಂದವರು ಈ ವಿಧಾನದಿಂದ ಕೊಡೆಯನ್ನು ಬಿಟ್ಟರೆ ಮಳೆಗಾಲದ ಮೊದಲ ಸಂಜೆ ಮತ್ತೆ ಕೊಳ್ಳಬೇಕಾಗುತ್ತದೆ.

ಸಾಮಾನು ಕಡಿಮೆ ಇರುವವರು ಮಾಡಬೇಕಾದುದು ಇದರ ತಲೆಕೆಳಗಾದ ಪ್ರಯೋಗ: ಪೆಟ್ಟಿಗೆಯಲ್ಲಿ ಉಳಿದದ್ದನ್ನು ಎಣಿಸುವ ಬದಲು ಇಲ್ಲದಿರುವುದನ್ನು ಬರೆದಿಡುವುದು. ಮೇಲೆ ಹೇಳಿದ ಯುವತಿ ಮೊದಲ ನಾಲ್ಕು ವಾರ ಏನೊಂದನ್ನೂ ಅವಸರದಲ್ಲಿ ಕೊಳ್ಳದೆ, ಯಾವ ವಸ್ತು ಇಲ್ಲದೆ ತೊಂದರೆಯಾಯಿತು, ಅದಿಲ್ಲದೆ ಕೆಲಸ ಹೇಗೆ ನಡೆಯಿತು ಎಂಬ ಎರಡನ್ನು ಗೋಡೆಯ ಕ್ಯಾಲೆಂಡರಿನ ಆಯಾ ದಿನದ ಚೌಕದಲ್ಲೇ ಬರೆಯುತ್ತಾ ಹೋದರೆಂದು ಭಾವಿಸಿದರೆ ಪಟ್ಟಿ ಹೀಗೆ ಬರಬಹುದು. ಬಟ್ಟೆ ಒಣಹಾಕುವ ಹಗ್ಗ, ಎರಡನೆಯ ಬಕೆಟ್ಟು, ಹಸಿ ಕಸಕ್ಕೂ ಒಣ ಕಸಕ್ಕೂ ಬೇರೆ ಬೇರೆ ಬುಟ್ಟಿ ಇವು ಮೊದಲ ಮೂರು ದಿನಗಳಲ್ಲೇ ಕಾಣಿಸಿಕೊಂಡವು, ಬೇರೆ ದಾರಿಯಿಲ್ಲದ್ದರಿಂದ ಆಗಲೇ ಕೊಳ್ಳಬೇಕಾಯಿತು. ಇಸ್ತ್ರಿಪೆಟ್ಟಿಗೆಯ ಹೆಸರು ನಾಲ್ಕು ಸಲ ಬಂದರೂ ನಾಲ್ಕು ಸಲವೂ ಬೀದಿ ತುದಿಯ ಇಸ್ತ್ರಿ ಗಾಡಿಯಲ್ಲಿ ಕೆಲಸ ಮುಗಿದಿತ್ತು, ಆದುದರಿಂದ ಅದು ಬೇಡ. ಚಪ್ಪಲಿ ಸ್ಟ್ಯಾಂಡು ಒಂದೇ ಸಲ ಬಂತು, ಅದೂ ನೆಂಟರು ಬಂದ ದಿನ. ಮಿಕ್ಸಿ ವಾರಕ್ಕೆ ಎರಡು ಮೂರು ಸಲ ಬಂತು, ಅದಿಲ್ಲದೆ ಚಟ್ನಿ, ಸಾಂಬಾರು ಎರಡೂ ನಿಂತುಹೋಗಿ ಹೋಟೆಲಿನ ಖರ್ಚು ಏರಿತು, ಆದುದರಿಂದ ಅದು ಬೇಕು. ಇಂಥ ಪಟ್ಟಿಯಲ್ಲಿ ನೋಡಬೇಕಾದುದು ಆಸೆಯ ತೀವ್ರತೆಯನ್ನಲ್ಲ, ಒಂದೇ ಕೊರತೆ ಮರುಕಳಿಸುವುದನ್ನು ಮತ್ತು ಅದಕ್ಕೆ ಅಗ್ಗದ ಬದಲಿ ಸಿಗದಿರುವುದನ್ನು. ಈ ಎರಡೂ ಕೂಡಿದಾಗ ಮಾತ್ರ ವಸ್ತು ತಟ್ಟಿನ ಮೇಲೆ ಜಾಗ ಪಡೆಯುತ್ತದೆ.

ಮಿನಿಮಲಿಸಂ ಬರಹಗಾರರಲ್ಲಿ ಅತಿ ಕಠಿಣವಾದ ಮಾದರಿ ಟೋಕಿಯೊದ ಫುಮಿಯೊ ಸಸಾಕಿ ಅವರದು. 2015ರಲ್ಲಿ ಜಪಾನಿ ಭಾಷೆಯಲ್ಲೂ 2017ರಲ್ಲಿ ಇಂಗ್ಲಿಷಿನಲ್ಲೂ ಪ್ರಕಟವಾದ ಪುಸ್ತಕದ ಈ ಲೇಖಕರು ಸಣ್ಣ ಬಾಡಿಗೆ ಕೋಣೆಯಲ್ಲಿ ಮೂರು ಅಂಗಿ, ನಾಲ್ಕು ಪ್ಯಾಂಟು, ನಾಲ್ಕು ಜೊತೆ ಕಾಲುಚೀಲಗಳೊಂದಿಗೆ ಇದ್ದವರೆಂದು ವರದಿಯಾಗಿತ್ತು. 2011ರ ಭೂಕಂಪದ ಬಳಿಕ ಮನೆಯೊಳಗಿನ ವಸ್ತುಗಳೇ ಮೈಮೇಲೆ ಬೀಳುವ ಅಪಾಯವಾಗಿ ಜಪಾನೀಯರಿಗೆ ಕಂಡವೆಂಬುದನ್ನೂ ಅವರು ಕಾರಣಗಳಲ್ಲಿ ಒಂದಾಗಿ ಹೇಳುತ್ತಾರೆ. ಅವರು ಕೊಡುವ 55 ಸೂಚನೆಗಳಲ್ಲಿ ಅಂಗಡಿಗಳನ್ನೇ ತಮ್ಮ ಉಗ್ರಾಣವೆಂದು ಭಾವಿಸಬೇಕೆಂಬುದು ಒಂದು. ಹಗಲಿರುಳೂ ತೆರೆದಿರುವ ಸಣ್ಣ ಅಂಗಡಿಗಳ ಟೋಕಿಯೊದಲ್ಲಿ ಹುಟ್ಟಿದ ಈ ಮಾತು ಬೀದಿಗೊಂದು ಕಿರಾಣಿ ಅಂಗಡಿಯಿರುವ ಬೆಂಗಳೂರಿಗೂ ಒಪ್ಪುತ್ತದೆ. ಒಬ್ಬರೇ ದಿನಕ್ಕೆ 150 ಗ್ರಾಂ ಅಕ್ಕಿ ಬೇಯಿಸಿದರೆ ತಿಂಗಳಿಗೆ ನಾಲ್ಕೂವರೆ ಕಿಲೋ ಸಾಕು. 25 ಕಿಲೋ ಮೂಟೆ ಐದೂವರೆ ತಿಂಗಳು ಅಡುಗೆಮನೆಯ ಮೂಲೆಯನ್ನು ಹಿಡಿದಿರುತ್ತದೆ, ಅಷ್ಟರೊಳಗೆ ಹುಳ ಬೀಳುವುದೂ ಉಂಟು. ಮೂಟೆಯಲ್ಲಿ ಕಿಲೋಗೆ ಐದು ರೂಪಾಯಿ ಅಗ್ಗವೆಂದಿಟ್ಟುಕೊಂಡರೂ ಉಳಿಯುವುದು ಒಟ್ಟು 125 ರೂಪಾಯಿ. ಔಷಧಿ, ಟಾರ್ಚು, ಮೇಣದಬತ್ತಿಗಳಿಗೆ ಮಾತ್ರ ಈ ಸೂಚನೆ ಸಲ್ಲದು; ಅವು ಬೇಕಾಗುವುದು ಅಂಗಡಿಗೆ ಹೋಗಲಾಗದ ಹೊತ್ತಿನಲ್ಲಿ.

ಮಂಚದ ಪ್ರಶ್ನೆಯೂ ಸಸಾಕಿ ಪುಸ್ತಕ ಓದಿದವರ ಮುಂದೆ ಬಂದೇ ಬರುತ್ತದೆ, ಏಕೆಂದರೆ ಹಗಲಲ್ಲಿ ಮಡಚಿ ಎತ್ತಿಡುವ ಹಾಸಿಗೆಯೇ ಜಪಾನಿನ ಕ್ರಮ. ಹಾಸಿಗೆ ಸುತ್ತಿ ಮೂಲೆಗಿಡುವುದು ಕರ್ನಾಟಕದ ಮನೆಗಳಿಗೂ ಹೊಸದಲ್ಲ. ಮೇಲಿನ ಉದಾಹರಣೆಯ ಮನೆಯಲ್ಲಿ 300 ಚದರಡಿಗೆ 12,000 ಎಂದರೆ ಚದರಡಿಗೆ ತಿಂಗಳಿಗೆ 40 ರೂಪಾಯಿ ಬಾಡಿಗೆ. ಆರಡಿ ಉದ್ದ ಮೂರಡಿ ಅಗಲದ ಒಂಟಿ ಮಂಚ 18 ಚದರಡಿ ನೆಲವನ್ನು ಹಿಡಿಯುವುದರಿಂದ ಅದರ ಪಾಲಿನ ಬಾಡಿಗೆ 720 ರೂಪಾಯಿ, ಹನ್ನೊಂದು ತಿಂಗಳಿಗೆ 7,920. ಮಂಚ ತೆಗೆದರೆ ಬಾಡಿಗೆಯೇನೂ ಇಳಿಯುವುದಿಲ್ಲವಾದ್ದರಿಂದ ಈ ಲೆಕ್ಕವನ್ನು ಎಚ್ಚರದಿಂದ ಬಳಸಬೇಕು. ಬಿಡುಗಡೆಯಾದ ನೆಲದಲ್ಲಿ ಹಗಲು ಮಡಚುವ ಮೇಜು ಹಾಕಿ ಕೆಲಸ ಮಾಡುವುದಿದ್ದರೆ ಲಾಭ, ನೆಲ ಖಾಲಿಯಾಗಿಯೇ ಉಳಿಯುವುದಾದರೆ ಬೆನ್ನುನೋವಿನವರು ಮಂಚ ಕೊಳ್ಳುವುದೇ ಮೇಲು. ನೆಲದ ಹಾಸಿಗೆಗೆ ಇನ್ನೊಂದು ಮಿತಿಯಿದೆ. ಮೈಯ ಬೆವರು ಮತ್ತು ನೆಲದ ತಂಪು ಸೇರಿ ಹಾಸಿಗೆಯ ತಳದಲ್ಲಿ ತೇವ ಕಟ್ಟಿಕೊಳ್ಳುತ್ತದೆ. ಬೆಳಿಗ್ಗೆ ಮಗುಚಿ ಅಂಗೈಯಿಟ್ಟಾಗ ತಳ ತಣ್ಣಗೆ ಹಸಿಯಾಗಿದ್ದರೆ, ಕಮಟು ವಾಸನೆ ಬಂದರೆ ಬೂಸ್ಟು ಹಿಡಿಯುವ ಸೂಚನೆ. ಕೆಳಗೆ ಚಾಪೆ ಹಾಸಿ, ಎದ್ದ ಮೇಲೆ ಹಾಸಿಗೆಯನ್ನು ಗೋಡೆಗೆ ನಿಲ್ಲಿಸಿ, ವಾರಕ್ಕೊಮ್ಮೆ ಬಿಸಿಲಿಗೆ ಹಾಕಿದರೆ ಬೆಂಗಳೂರಿನಲ್ಲಿ ನಡೆಯುತ್ತದೆ. ಮಂಗಳೂರಿನಲ್ಲಿಯೋ ಮಡಿಕೇರಿಯಲ್ಲಿಯೋ ಬಾಡಿಗೆ ಹಿಡಿದವರಿಗೆ ಮಳೆಗಾಲದಲ್ಲಿ ಆ ಬಿಸಿಲೇ ಇರುವುದಿಲ್ಲ, ಅಲ್ಲಿ ಕಾಲಿರುವ ಮಂಚ ಅಗತ್ಯದ ವಸ್ತುವೇ.

ಕಡಿಮೆ ಮಾಡುವುದು ಎಲ್ಲಿಗೆ ನಿಲ್ಲಬೇಕು ಎಂಬ ಪ್ರಶ್ನೆಗೆ ಈ ಪುಸ್ತಕಗಳಿಗಿಂತ ಹಳೆಯ ಬರಹವೊಂದು ನೇರ ಉತ್ತರ ಕೊಡುತ್ತದೆ. 1920ರ ದಶಕದಲ್ಲಿ ಭಾರತಕ್ಕೆ ಬಂದು ಗಾಂಧೀಜಿಯ ಒಡನಾಟ ಪಡೆದ ಅಮೆರಿಕದ ರಿಚರ್ಡ್ ಗ್ರೆಗ್, ತಾವಾಗಿಯೇ ಆರಿಸಿಕೊಂಡ ಸರಳತೆಯನ್ನು ಕುರಿತು 1936ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಬೇರೆಲ್ಲವನ್ನೂ ಬಿಡಬಲ್ಲೆನಾದರೂ ಪುಸ್ತಕಗಳನ್ನು ಬಿಡಲಾರೆ ಎಂದು ಗಾಂಧೀಜಿಯಲ್ಲಿ ತೋಡಿಕೊಂಡ ಪ್ರಸಂಗವನ್ನು ಬರೆದಿದ್ದಾರೆ. ಒಳಗಿನಿಂದ ನೆರವನ್ನೂ ನೆಮ್ಮದಿಯನ್ನೂ ಕೊಡುತ್ತಿರುವ ವಸ್ತುವನ್ನು ಬಿಡುವುದು ಬೇಡ, ಹಟಕ್ಕೋ ಕರ್ತವ್ಯವೆಂದೋ ಬಿಟ್ಟದ್ದು ಮನಸ್ಸನ್ನು ಮತ್ತೆ ಮತ್ತೆ ತನ್ನೆಡೆಗೆ ಎಳೆಯುತ್ತದೆ ಎಂಬ ಅರ್ಥದ ಮಾತನ್ನು ಗಾಂಧೀಜಿ ಹೇಳಿದರೆಂಬುದು ಅಲ್ಲಿನ ಸಾರ. ಸಂಖ್ಯೆಗಳ ವಿಷಯದಲ್ಲಿ ಇದು ಉಪಯುಕ್ತ ತಿದ್ದುಪಡಿ. ತಾವು ಸುಮಾರು 30 ಪುಸ್ತಕ ಮಾತ್ರ ಇಟ್ಟುಕೊಳ್ಳುವುದಾಗಿ ಕೊಂಡೊ ಹೇಳಿದ್ದು ಎಲ್ಲರಿಗೂ ಹಾಕಿದ ನಿಯಮವೆಂಬಂತೆ ಹಬ್ಬಿ 2019ರಲ್ಲಿ ಜಗಳವೇ ಆಯಿತು. ವಾಸ್ತವದಲ್ಲಿ ಅದು ಅವರೊಬ್ಬರ ಕಪಾಟಿನ ಲೆಕ್ಕ. ವೈಟ್ ಅವರ ಪಾತ್ರೆಯ ನಿಯಮವನ್ನು ಹಿಡಿದರೆ ಮೂವತ್ತೋ ನೂರೋ ಎಂಬ ಚರ್ಚೆಯೇ ಬರುವುದಿಲ್ಲ, ಎರಡನೆಯ ತಟ್ಟಿನಲ್ಲಿ ಹಿಡಿಸುವಷ್ಟು ಎಂಬುದೇ ಉತ್ತರ. ಅದೂ ಸಾಲದವರು ಚಿಲ್ಲರೆ ಸಾಮಾನಿನ ತಟ್ಟನ್ನು ಬಿಟ್ಟುಕೊಟ್ಟು ಪುಸ್ತಕಕ್ಕೆ ಎರಡು ತಟ್ಟು ಮಾಡಿಕೊಳ್ಳಲು ಯಾರ ಅಡ್ಡಿಯೂ ಇಲ್ಲ.

ಇಷ್ಟೆಲ್ಲದರಿಂದ ಓದುವ ಕ್ರಮವೊಂದು ಹೊರಡುತ್ತದೆ. ಮನೆ ಗೊತ್ತಾದ ಮೇಲೆ, ಸಾಮಾನು ತರುವ ಮೊದಲು, ವೈಟ್ ಅವರ ಪಾತ್ರೆಯ ವಿಚಾರವನ್ನು ಓದಿ ಮನೆಯಲ್ಲಿರುವ ತಟ್ಟುಗಳನ್ನು ಹಂಚಿಕೊಳ್ಳಬೇಕು. ಮೊದಲ ತಿಂಗಳು, ನೆಂಟರ ಕೊಡುಗೆಗಳೂ ಅಂಗಡಿಯ ಆಕರ್ಷಣೆಗಳೂ ಒಟ್ಟಿಗೆ ಬರುವ ಕಾಲದಲ್ಲಿ, ಯಮಾಶಿತ ಅವರ ಮೊದಲ ಹಂತವನ್ನೂ ಇಲ್ಲದುದರ ಪಟ್ಟಿಯನ್ನೂ ಜೊತೆಗಿಟ್ಟುಕೊಳ್ಳಬೇಕು. ಕೊಂಡೊ ಪುಸ್ತಕದಿಂದ ಮಡಿಕೆ ಮತ್ತು ಪೆಟ್ಟಿಗೆಯ ಅಧ್ಯಾಯಗಳು ಸಾಕು, ಸಸಾಕಿ ಅವರಿಂದ ಉಗ್ರಾಣದ ಸೂಚನೆ ಸಾಕು. ಕಳೆಯುವ ಅಧ್ಯಾಯಗಳಿಗೆ ಸಮಯ ಬರುವುದು ಕರಾರು ಮುಗಿಯುವ ಹನ್ನೊಂದನೆಯ ತಿಂಗಳಲ್ಲಿ: ಬರುವಾಗ ಆಟೋರಿಕ್ಷಾದ ಎರಡು ಸುತ್ತಿನಲ್ಲಿ ಬಂದ ಸಾಮಾನು ಹೋಗುವಾಗ ಲಗೇಜು ಗಾಡಿಯನ್ನು ಕೇಳುತ್ತಿದ್ದರೆ, ಕೊಂಡೊ ಪುಸ್ತಕದ ಮೊದಲರ್ಧವನ್ನು ಆಗ ತೆರೆಯಬಹುದು. ಅಷ್ಟಕ್ಕಾಗಿ ನಾಲ್ಕು ಪುಸ್ತಕಗಳನ್ನು ಕೊಂಡು ಎರಡನೆಯ ತಟ್ಟಿನ ಜಾಗ ಕಳೆಯಬೇಕಾಗಿಯೂ ಇಲ್ಲ, ಗ್ರಂಥಾಲಯದಿಂದಲೋ ಗೆಳೆಯರಿಂದಲೋ ತಂದು ಬೇಕಾದ ಅಧ್ಯಾಯ ಓದಿ ಹಿಂದಿರುಗಿಸಿದರೆ ಸಾಕು.